ಅಡಿಕೆ ಮರ ಕೇಳಿದರೆ ತೆಂಗು ಬರುವ ಚಿತ್ರ: ಎಂಟು ಸೀಡ್‌ಗಳ ಲೆಕ್ಕ

"ನಮ್ಮ ಹೋಂಸ್ಟೇ ಕ್ಯಾಲೆಂಡರಿಗೆ ಮಳೆಯಲ್ಲಿ ನೆನೆಯುತ್ತಿರುವ ಹೆಂಚಿನ ಮನೆ, ಹಿಂದೆ ಅಡಿಕೆ ತೋಟ ಇರುವ ಚಿತ್ರ ಬೇಕು. ಬರೆದ ಮಾತಿನಿಂದ ಚಿತ್ರ ಮಾಡುವ ಸ್ಟೇಬಲ್ ಡಿಫ್ಯೂಷನ್ ಅನ್ನು ಮನೆಯ ಕಂಪ್ಯೂಟರಿನಲ್ಲೇ ಹಾಕಿಕೊಂಡಿದ್ದೇನೆ. ಒಮ್ಮೆ ಚೆನ್ನಾಗಿ ಬರುತ್ತದೆ, ಅದೇ ಪ್ರಾಂಪ್ಟನ್ನು ಮತ್ತೆ ಕೊಟ್ಟರೆ ತೆಂಗಿನ ಮರ ಬರುತ್ತದೆ. ನನ್ನ ಹತ್ತಾರು ಪ್ರಾಂಪ್ಟ್‌ಗಳಲ್ಲಿ ಯಾವುದು ಉತ್ತಮ ಎಂದು ತಿಳಿಯುವುದು ಹೇಗೆ?"

ತೀರ್ಥಹಳ್ಳಿಯ ಅಕ್ಕನವರೇ, ಮೊದಲು ನಿಮ್ಮ ಪರದೆಯಲ್ಲಿ `Seed` ಎಂಬ ಪೆಟ್ಟಿಗೆಯನ್ನು ನೋಡಿ. ಅಲ್ಲಿ `-1` ಎಂದಿದ್ದರೆ ತೊಂದರೆಯ ಮೂಲ ಅಲ್ಲೇ ಇದೆ. ಈ ಯಂತ್ರ ಚಿತ್ರವನ್ನು ಖಾಲಿ ಹಾಳೆಯಿಂದ ಶುರು ಮಾಡುವುದಿಲ್ಲ. ಸಿಗ್ನಲ್ ಇಲ್ಲದ ಹಳೆಯ ಟಿ.ವಿ.ಯ ಚುಕ್ಕಿಗಳಂಥ ಗೊಂದಲದಿಂದ ಶುರು ಮಾಡಿ, ಪ್ರಾಂಪ್ಟಿನ ಮಾತಿನಂತೆ ಅದನ್ನು ಸ್ವಲ್ಪ ಸ್ವಲ್ಪವೇ ತಿದ್ದುತ್ತದೆ. ಆ ಚುಕ್ಕಿಗಳು ಎಲ್ಲೆಲ್ಲಿ ಬೀಳಬೇಕೆಂದು ನಿರ್ಧರಿಸುವುದು ಸೀಡ್ ಸಂಖ್ಯೆ. `-1` ಎಂದರೆ ಪ್ರತಿ ಸಲವೂ ಹೊಸ ಸಂಖ್ಯೆ. ಹಾಗಾಗಿ ನೀವು ಇಷ್ಟು ದಿನ ಪ್ರಾಂಪ್ಟ್‌ಗಳನ್ನಲ್ಲ, ಅದೃಷ್ಟವನ್ನು ಹೋಲಿಸುತ್ತಿದ್ದಿರಿ.

(ಸಾಗರದ ಹಿರಿಯರು "ಈ ಸೀಡ್ ಯಾವ ನರ್ಸರಿಯಲ್ಲಿ ಸಿಗುತ್ತದೆ, ಗೋಟು ಆರಿಸಿ ತಂದದ್ದೋ" ಎಂದು ಕೇಳಿದ್ದಾರೆ. ರಾಯರೇ, ಇದು ಮೊಳಕೆ ಬರುವ ಬೀಜವಲ್ಲ, ಬರೀ ಒಂದು ಸಂಖ್ಯೆ.)

ಹೊಸನಗರದ ತಮ್ಮ "ಒಂದೇ ಸೀಡ್ ಹಿಡಿದುಕೊಂಡು ಪ್ರಾಂಪ್ಟ್ ತಿದ್ದುತ್ತಾ ಹೋಗಿ" ಎಂದಿದ್ದಾನೆ. ಅರ್ಧ ಸರಿ. ಒಂದು ಪದ ಬದಲಾದರೆ ಏನಾಗುತ್ತದೆ ಎಂದು ಕಣ್ಣಾರೆ ನೋಡಲು ಅದು ಸಾಕು. ಆದರೆ ಒಂದೇ ಸೀಡಿನ ಮೇಲೆ ಹತ್ತು ಸಲ ತಿದ್ದಿದ ಪ್ರಾಂಪ್ಟ್ ಆ ಒಂದು ಸೀಡಿಗೆ ಮಾತ್ರ ಒಗ್ಗಿರುತ್ತದೆ. ಹೋದ ಮಳೆಗಾಲದಲ್ಲಿ ನಾನೂ ಹಾಗೆ ಮಾಡಿ, ಬೇರೆ ಸೀಡ್ ಕೊಟ್ಟ ಕೂಡಲೇ ತೋಟವೆಲ್ಲ ಕಡಲತೀರವಾದದ್ದನ್ನು ನೋಡಿ ಕುಳಿತಿದ್ದೆ.

ನಾನು ಈಗ ಮಾಡುವುದು ಇಷ್ಟು. ಪ್ರತಿ ಪ್ರಾಂಪ್ಟನ್ನೂ ಅವೇ ಎಂಟು ಸೀಡ್‌ಗಳಲ್ಲಿ ಓಡಿಸುತ್ತೇನೆ. `Seed` ಪೆಟ್ಟಿಗೆಯಲ್ಲಿ 1001 ಎಂದು ಬರೆದು `Batch count` ಅನ್ನು 8 ಮಾಡಿದರೆ 1001ರಿಂದ 1008ರವರೆಗೆ ತಾನೇ ಏರುತ್ತಾ ಹೋಗುತ್ತದೆ. ಪಕ್ಕದ `Batch size` ಅನ್ನು ಏರಿಸಬೇಡಿ; ಅದು ಎಲ್ಲವನ್ನೂ ಒಟ್ಟಿಗೆ ಮಾಡಲು ಹೋಗುವುದರಿಂದ ನಮ್ಮಂಥವರ ಸಣ್ಣ ಗ್ರಾಫಿಕ್ಸ್ ಕಾರ್ಡಿನ ಮೆಮೊರಿ ಸಾಲುವುದಿಲ್ಲ. ಉಳಿದ ಯಾವುದನ್ನೂ ಮುಟ್ಟಬಾರದು. ಅದರಲ್ಲೂ ಚಿತ್ರದ ಅಳತೆ ಬದಲಾದರೆ ಚುಕ್ಕಿಗಳ ಹಾಸೇ ಬೇರೆಯಾಗುತ್ತದೆ, ಸೀಡ್ ಅದೇ ಇದ್ದರೂ ಚಿತ್ರ ಬೇರೆ. ಚುಕ್ಕಿ ತಿದ್ದುವ ವಿಧಾನವಾಗಿ `Euler a` ಆರಿಸಿಕೊಂಡವರು ಹೆಜ್ಜೆಗಳ ಸಂಖ್ಯೆಯನ್ನು, ಅಂದರೆ `Steps` ಅನ್ನು, ಬದಲಿಸಿದರೂ ಚಿತ್ರ ಜಾರಿಬಿಡುತ್ತದೆ, ಏಕೆಂದರೆ ಅದು ಪ್ರತಿ ಹೆಜ್ಜೆಯಲ್ಲೂ ಹೊಸ ಚುಕ್ಕಿಗಳನ್ನು ಬೆರೆಸುತ್ತದೆ.

ನನ್ನ ಎರಡು ಪ್ರಾಂಪ್ಟ್‌ಗಳು ಹೀಗಿದ್ದವು:

```
A: tiled roof house in heavy rain, areca palm garden behind, photo
B: tiled roof house in heavy rain, rows of tall slender palm trunks behind, photo
```

ಬದಲಾದದ್ದು ಒಂದೇ ತುಂಡು. ಇದನ್ನು ಕೈಯಲ್ಲಿ ಮಾಡುವ ಬದಲು ಕೆಳಗಿರುವ `X/Y/Z plot` ಸ್ಕ್ರಿಪ್ಟಿನಲ್ಲಿ ಒಂದು ಬದಿಗೆ `Prompt S/R`, ಇನ್ನೊಂದು ಬದಿಗೆ `Seed` ಆರಿಸಿ `1001-1008` ಎಂದು ಕೊಡಬಹುದು. ಆಗ `Batch count` ಅನ್ನು 1ಕ್ಕೆ ಇಳಿಸಿಕೊಳ್ಳಿ. `Prompt S/R`ನಲ್ಲಿ ಮೊದಲು ಬರೆದ ತುಂಡನ್ನು ಅದು ಪ್ರಾಂಪ್ಟಿನಲ್ಲಿ ಹುಡುಕಿ, ನಂತರದವುಗಳನ್ನು ಆ ಜಾಗದಲ್ಲಿ ಇಡುತ್ತದೆ. ಅಲ್ಪವಿರಾಮ ಕಂಡಲ್ಲೆಲ್ಲ ತುಂಡು ಮಾಡುವುದರಿಂದ, ನಿಮ್ಮ ತುಂಡಿನೊಳಗೆ ಅಲ್ಪವಿರಾಮ ಬರದಂತೆ ನೋಡಿಕೊಳ್ಳಿ. ಕೊನೆಗೆ ಹದಿನಾರು ಚಿತ್ರಗಳ ಚೌಕಳಿ ಒಂದೇ ಹಾಳೆಯಲ್ಲಿ ಸಿಗುತ್ತದೆ.

ಇನ್ನು ಲೆಕ್ಕ. "ಚೆನ್ನಾಗಿದೆ" ಎಂದು ಬರೆದಿಟ್ಟರೆ ಮರುದಿನ ಅದಕ್ಕೆ ಅರ್ಥವಿರುವುದಿಲ್ಲ. ಹೌದು ಅಥವಾ ಇಲ್ಲ ಎನ್ನಬಹುದಾದ ಎರಡು ಪ್ರಶ್ನೆಗಳನ್ನು ಚಿತ್ರ ನೋಡುವ ಮೊದಲೇ ಗೊತ್ತು ಮಾಡಿಕೊಂಡೆ: ಮರ ಅಡಿಕೆಯಂತಿದೆಯೇ, ಮಾಡು ಹೆಂಚಿನದೇ.

```
version,seed,mara,henchu,note
A,1001,0,1,ತೆಂಗು
B,1001,1,1,
A,1002,0,1,ತೆಂಗು
B,1002,1,0,ಹುಲ್ಲಿನ ಮಾಡು
```

ಅಂಕ ಹಾಕಿದ್ದು ನಾನಲ್ಲ, ನಮ್ಮ ಅತ್ತೆ. ಯಾವುದು ಎ, ಯಾವುದು ಬಿ ಎಂದು ಹೇಳದೆ, ಕಲಸಿ ತೋರಿಸಿದೆ. ನಾನೇ ನೋಡಿದ್ದರೆ ಬಿ ನನ್ನ ಮುದ್ದಿನ ಪ್ರಾಂಪ್ಟ್ ಆದದ್ದರಿಂದ ಕಣ್ಣು ಅದರ ಕಡೆಗೇ ವಾಲುತ್ತಿತ್ತು. ಅತ್ತೆ ಮೊದಲನೇ ಚಿತ್ರಕ್ಕೇ "ಇದು ಅಡಿಕೆಯಲ್ಲ, ಬಗನಿ" ಎಂದುಬಿಟ್ಟರು. ನನಗೆ ಎರಡೂ ಒಂದೇ ಆಗಿ ಕಂಡಿದ್ದವು. ಆಮೇಲೆ ಪ್ರಶ್ನೆಯನ್ನೇ ಬಿಗಿ ಮಾಡಿದೆ: ಕಾಂಡ ಸಪೂರ ಮತ್ತು ನೆಟ್ಟಗೆ ಇರಬೇಕು, ಸೋಗೆಯ ಬುಡದಲ್ಲಿ ಹಸಿರು ಹಾಳೆ ಸುತ್ತಿಕೊಂಡಿರಬೇಕು. ಹಾಗೆ ಬಿಗಿ ಮಾಡಿದ ಮೇಲೆ ಹದಿನಾರನ್ನೂ ಮೊದಲಿನಿಂದ ಅಂಕ ಹಾಕಿಸಬೇಕಾಯಿತು.

ಮರದ ವಿಚಾರದಲ್ಲಿ ಎಗೆ ಎಂಟರಲ್ಲಿ ಎರಡು, ಬಿಗೆ ಆರು. ಆದರೆ ಒಟ್ಟು ಅಂಕಕ್ಕಿಂತ ಸೀಡಿಗೆ ಸೀಡ್ ಜೋಡಿಸಿ ನೋಡಬೇಕು. ಐದು ಸೀಡ್‌ಗಳಲ್ಲಿ ಬಿ ಗೆದ್ದಿತ್ತು, ಒಂದರಲ್ಲಿ ಎ, ಎರಡರಲ್ಲಿ ಸಮ. ಸಮವಾದವನ್ನು ಬಿಟ್ಟರೆ ಆರರಲ್ಲಿ ಐದು. ಕೇಳಲು ದೊಡ್ಡದು, ಆದರೆ ಒಂದು ನಾಣ್ಯವನ್ನು ಆರು ಸಲ ಚಿಮ್ಮಿದರೂ ಐದು ಅಥವಾ ಆರು ಸಲ ತಲೆ ಬೀಳುವುದು 64ರಲ್ಲಿ 7 ಸಲ, ಅಂದರೆ ಸುಮಾರು ಒಂಬತ್ತರಲ್ಲಿ ಒಂದು ಸಲ. ಅದನ್ನು ನಂಬಿ ಕ್ಯಾಲೆಂಡರ್ ಅಚ್ಚಿಗೆ ಕೊಡುವ ಧೈರ್ಯ ನನಗೆ ಬರಲಿಲ್ಲ.

ಆದ್ದರಿಂದ ಅದುವರೆಗೆ ಮುಟ್ಟದ 2001ರಿಂದ 2008ರವರೆಗಿನ ಸೀಡ್‌ಗಳಲ್ಲಿ ಅದೇ ಎರಡನ್ನು ಮತ್ತೆ ಓಡಿಸಿದೆ. ಬಿ ನಾಲ್ಕರಲ್ಲಿ ಗೆದ್ದಿತು, ಒಂದರಲ್ಲೂ ಸೋಲಲಿಲ್ಲ, ಉಳಿದವು ಸಮ. ಎರಡು ಸುತ್ತು ಸೇರಿ ಹತ್ತರಲ್ಲಿ ಒಂಬತ್ತು. ಈಗ ನಾಣ್ಯದ ಲೆಕ್ಕದಲ್ಲಿ ನೂರಕ್ಕೆ ಸುಮಾರು ಒಂದು. ಮರದ ಮಟ್ಟಿಗೆ ಬಿ ಮೇಲು ಎಂದು ಒಪ್ಪಿದೆ. ಯಂತ್ರಕ್ಕೆ `areca` ಎಂಬ ಹೆಸರಿಗಿಂತ ಮರದ ಆಕಾರ ಹೇಳಿದ್ದು ಚೆನ್ನಾಗಿ ಅರ್ಥವಾಯಿತು ಎಂದು ನನ್ನ ಊಹೆ.

ಹೆಂಚಿನ ಕಥೆ ಬೇರೆ. ಮೊದಲ ಸುತ್ತಿನಲ್ಲಿ ಎಗೆ ಏಳು, ಬಿಗೆ ನಾಲ್ಕು. ಮರ ಸರಿಯಾಗಿ ಮನೆ ಕೆಟ್ಟಿತು ಎಂದು ಗಾಬರಿಯಾಗಿ ಹೆಂಚಿನ ಮಾತಿಗೆ `(tiled roof:1.2)` ಎಂದು ಒತ್ತು ಕೊಡಲು ಹೊರಟಿದ್ದೆ. ಎರಡನೇ ಸುತ್ತಿನಲ್ಲಿ ಆರು ಮತ್ತು ಐದು ಬಂತು. ಬಿಯಿಂದ ಹೆಂಚಿಗೆ ನಿಜವಾಗಿ ಪೆಟ್ಟು ಬೀಳುತ್ತದೆಯೋ ಇಲ್ಲವೋ ಈ ಲೆಕ್ಕದಿಂದ ಹೇಳಲಾಗದು. ಇನ್ನೆರಡು ಸುತ್ತು ಬೇಕು, ನಾನಿನ್ನೂ ಓಡಿಸಿಲ್ಲ.

ಕೊಪ್ಪದ ಭಾವ ತಮ್ಮ ಮೊಬೈಲ್ ಆ್ಯಪ್‌ನಲ್ಲಿ ಸೀಡ್ ಪೆಟ್ಟಿಗೆಯೇ ಇಲ್ಲ ಎಂದಿದ್ದಾರೆ. ಹಾಗಿದ್ದರೆ ಜೋಡಿ ಹೋಲಿಕೆ ಸಾಧ್ಯವಿಲ್ಲ. ಪ್ರತಿ ಪ್ರಾಂಪ್ಟಿಗೂ ಎಂಟರ ಬದಲು ಇಪ್ಪತ್ತು, ಮೂವತ್ತು ಚಿತ್ರ ತೆಗೆದು ಒಟ್ಟು ಅಂಕವನ್ನಷ್ಟೇ ಹೋಲಿಸಬೇಕು. ಎಲ್ಲ ಎಗಳನ್ನು ಸೋಮವಾರ, ಎಲ್ಲ ಬಿಗಳನ್ನು ಶುಕ್ರವಾರ ತೆಗೆಯಬೇಡಿ. ನಡುವೆ ಆ್ಯಪಿನವರು ಮಾದರಿಯನ್ನೇ ಬದಲಿಸಿದ್ದರೆ ನಿಮಗೆ ತಿಳಿಯುವುದಿಲ್ಲ.

ಅಕ್ಕ, ಚೌಕಳಿ ತಯಾರಾದ ಮೇಲೆ ನಮ್ಮ ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕುವುದಾದರೆ ಮೂಲ ಪಿಎನ್‌ಜಿ ಫೈಲನ್ನು ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೋ ಎಂದು ಕಳಿಸಿದರೆ ವಾಟ್ಸ್ಆ್ಯಪ್ ಅದನ್ನು ಕುಗ್ಗಿಸುವಾಗ ಒಳಗೆ ಬರೆದಿರುವ ಸೀಡ್, ಪ್ರಾಂಪ್ಟ್ ಎಲ್ಲವೂ ಅಳಿಸಿಹೋಗುತ್ತವೆ. ಮೂಲ ಫೈಲಾದರೆ `PNG Info` ಪುಟಕ್ಕೆ ಎಳೆದು ನಾನೇ ಓದಿಕೊಳ್ಳುತ್ತೇನೆ. ಮತ್ತು ಮರದ ಅಂಕವನ್ನು ದಯವಿಟ್ಟು ತೋಟದಲ್ಲಿ ಅಡಿಕೆ ಕೊನೆ ಇಳಿಸಿದವರಿಂದ ಹಾಕಿಸಿ.