ಒಡೆದ ಥರ್ಮಾಮೀಟರನ್ನು ಬಿಟ್ಟುಬಿಟ್ಟಿರಿ

"ಸಂಪಾದಕರಿಗೆ ನಮಸ್ಕಾರ. ಚೆಕಾಫ್‌ನ 'ಚೆರ್ರಿ ತೋಟ'ದ ಕೊನೆಯ ಅಂಕದಲ್ಲಿ ಲೋಪಾಖಿನ್ ಮತ್ತು ವಾರ್ಯಾ ಇಬ್ಬರೇ ಇರುವ ದೃಶ್ಯದ ಬಗ್ಗೆ ಲೇಖನ ಕಳಿಸಿದ್ದೇನೆ. ಲೋಪಾಖಿನ್ ಕಲ್ಲುಹೃದಯದವನು ಎಂಬುದು ನನ್ನ ವಾದ. ಮಧ್ಯೆ ಹವಾಮಾನದ ಮಾತು ಯಾಕೆ ಬರುತ್ತದೋ ಗೊತ್ತಾಗಲಿಲ್ಲ, ಹಾಗಾಗಿ ಅದನ್ನು ಬಿಟ್ಟೆ. ಪ್ರಕಟಿಸಬಹುದೇ? ಆಗದಿದ್ದರೆ ಎಲ್ಲಿ ತಪ್ಪಿದೆ ಎಂದು ನೇರವಾಗಿ ತಿಳಿಸಿ."

ಈಗಿರುವ ರೂಪದಲ್ಲಿ ಆಗುವುದಿಲ್ಲ. ನಿಮ್ಮ ಭಾಷೆ ಚೆನ್ನಾಗಿದೆ, ಅದರ ಬಗ್ಗೆ ತಕರಾರಿಲ್ಲ. ಆದರೆ ದೃಶ್ಯದ ಜೀವ ಇರುವ ಜಾಗವನ್ನೇ ಬಿಟ್ಟು ಉಳಿದದ್ದನ್ನು ವಿವರಿಸಿದ್ದೀರಿ. ಇನ್ನೊಂದು ದೂರು: ಆರು ಪುಟಗಳಲ್ಲಿ ಒಂದು ರಂಗಸೂಚನೆಯನ್ನೂ ಉಲ್ಲೇಖಿಸಿಲ್ಲ. ಆವರಣದೊಳಗಿನ ಮಾತು ನಟರಿಗೆ ಮಾತ್ರ ಸಂಬಂಧಪಟ್ಟದ್ದು ಎಂದುಕೊಂಡು ಹಾರಿಸಿ ಓದುವ ಚಟ ನನಗೂ ಬಹಳ ವರ್ಷ ಇತ್ತು, ಅದಕ್ಕೇ ಗುರುತು ಸಿಕ್ಕಿತು.

ದೃಶ್ಯಕ್ಕೆ ಸ್ವಲ್ಪ ಮುಂಚೆ ಏನಾಯಿತು ನೋಡಿ. ಹರಾಜಿಗೆ ಬಂದ ತೋಟವನ್ನೂ ಮನೆಯನ್ನೂ ಕೊಂಡವನು ವ್ಯಾಪಾರಿ ಲೋಪಾಖಿನ್, ಮನೆಯವರೆಲ್ಲ ಈಗ ಅಲ್ಲಿಂದ ಹೊರಡುತ್ತಿದ್ದಾರೆ. ವಾರ್ಯಾಳನ್ನು ಮದುವೆಯಾಗಬಾರದೇ ಎಂದು ಅವಳ ಸಾಕುತಾಯಿ ಲೋಪಾಖಿನ್‌ನನ್ನು ಕೇಳುತ್ತಾಳೆ. ಅವನು ಒಪ್ಪುತ್ತಾನೆ. ಈಗಲೇ ಮುಗಿಸಿಬಿಡೋಣ, ನೀವು ಹೊರಟುಹೋದರೆ ನನ್ನಿಂದ ಕೇಳಲಿಕ್ಕೆ ಆಗುವುದಿಲ್ಲ ಅನ್ನಿಸುತ್ತದೆ ಎಂಬರ್ಥದ ಮಾತನ್ನೂ ಆಡುತ್ತಾನೆ. ಕಲ್ಲುಹೃದಯದವನ ಮಾತು ಇದಲ್ಲ. ತನ್ನ ಮೇಲೆ ತನಗೇ ಭರವಸೆ ಇಲ್ಲದವನ ಮಾತು. ಅವಳು ವಾರ್ಯಾಳನ್ನು ಕರೆಯಲು ಹೋದ ಮೇಲೆ ಅವನು ಒಬ್ಬನೇ ನಿಂತು ಗಡಿಯಾರ ನೋಡಿಕೊಳ್ಳುತ್ತಾನೆ. ಆಮೇಲೆ ಒಂದು ಸೂಚನೆ: ಬಾಗಿಲ ಹಿಂದೆ ಅದುಮಿಟ್ಟ ನಗು, ಪಿಸುಮಾತು, ಕೊನೆಗೆ ವಾರ್ಯಾ ಒಳಗೆ ಬರುತ್ತಾಳೆ. ಅಂದರೆ ಅವಳಿಗೆ ಗೊತ್ತು. ಯಾಕೆ ಕರೆದಿದ್ದಾರೆ ಎಂಬುದು ಗೊತ್ತಿದ್ದೇ ಬರುತ್ತಿದ್ದಾಳೆ. ಇದನ್ನು ಹೇಳುವ ಸಂಭಾಷಣೆ ಒಂದೂ ಇಲ್ಲ, ಆ ನಗು ಮತ್ತು ಪಿಸುಮಾತು ಮಾತ್ರ ಹೇಳುತ್ತವೆ. ನೀವು ಅದನ್ನು ಹಾರಿಸಿದ್ದರಿಂದ ನಿಮ್ಮ ವಾರ್ಯಾ ಏನೂ ಅರಿಯದ ಮುಗ್ಧೆಯಾಗಿಬಿಟ್ಟಿದ್ದಾಳೆ.

ಒಳಗೆ ಬಂದವಳು ಬಹಳ ಹೊತ್ತು ಗಂಟುಮೂಟೆಗಳನ್ನು ತಡಕಾಡುತ್ತಾಳೆ. ಎಷ್ಟು ಹುಡುಕಿದರೂ ಸಿಗುತ್ತಿಲ್ಲ ಎನ್ನುತ್ತಾಳೆ. ಏನು ಹುಡುಕುತ್ತಿದ್ದೀರಿ ಎಂದು ಅವನು ಕೇಳಿದಾಗ ಅವಳ ಉತ್ತರ ಗಮನಿಸಿ: ನಾನೇ ಕಟ್ಟಿಟ್ಟೆ, ನೆನಪಾಗುತ್ತಿಲ್ಲ. ವಸ್ತುವಿನ ಹೆಸರಿಲ್ಲ. ಮುಂದೆ ಪೆಟ್ಟಿಗೆಯಲ್ಲಿಟ್ಟೆನೇನೋ ಎನ್ನುವಾಗಲೂ ಹೆಸರಿಲ್ಲ. ನಿಜವಾಗಿ ಏನನ್ನೋ ಕಳೆದುಕೊಂಡವರು ಮೊದಲು ಹೇಳುವುದೇ ಅದರ ಹೆಸರನ್ನು. ಹಾಗಾಗಿ ಈ ಹುಡುಕಾಟ ಕೈಗೊಂದು ಕೆಲಸ, ಕಣ್ಣಿಗೊಂದು ಮರೆ ಎಂದು ನಾನು ಓದುತ್ತೇನೆ. ಅವನು ಕೇಳುವವರೆಗೆ ಅಲ್ಲಿ ನಿಂತಿರಲು ಅವಳಿಗೆ ಒಂದು ನೆಪ ಬೇಕು. ತಾನಾಗಿ ಕೇಳುವಂತಿಲ್ಲ ಎಂದು ಮೂರನೇ ಅಂಕದಲ್ಲೇ ಅವಳು ಹೇಳಿಯಾಗಿದೆ: ಎರಡು ವರ್ಷದಿಂದ ಎಲ್ಲರೂ ಈ ಮದುವೆಯ ಮಾತೆತ್ತುತ್ತಾರೆ, ಅವನು ಮಾತ್ರ ಸುಮ್ಮನಿರುತ್ತಾನೆ, ಇಲ್ಲವೇ ತಮಾಷೆ ಮಾಡುತ್ತಾನೆ.

ಇನ್ನು ಎಲ್ಲಿಗೆ ಹೋಗುತ್ತೀರಿ ಎಂದು ಅವನು ಕೇಳುತ್ತಾನೆ. ಬೇರೆಯವರ ಮನೆವಾರ್ತೆ ನೋಡಿಕೊಳ್ಳಲು ಎನ್ನುತ್ತಾಳೆ. ಅದು ಎಪ್ಪತ್ತು ವರ್ಸ್ಟ್ ಆಗಬಹುದು ಎನ್ನುತ್ತಾನೆ, ನಮ್ಮ ಲೆಕ್ಕದಲ್ಲಿ ಸುಮಾರು 75 ಕಿಲೋಮೀಟರ್. ಹೋಗಬೇಡಿ ಎಂಬ ಮಾತು ಬರಬೇಕಾದ ಜಾಗದಲ್ಲಿ ದೂರದ ಲೆಕ್ಕ ಬಂದಿದೆ. ನಂತರ ತಾನು ಖಾರ್ಕೊವ್‌ಗೆ ಹೊರಟಿರುವುದನ್ನೂ ಇಲ್ಲಿ ನೋಡಿಕೊಳ್ಳಲು ಎಪಿಖೊದೊವ್‌ನನ್ನು ನೇಮಿಸಿರುವುದನ್ನೂ ಹೇಳುತ್ತಾನೆ. ಇಷ್ಟು ದಿನ ಆ ಮನೆಯ ಬೀಗದ ಕೈ ಗೊಂಚಲು ಇದ್ದದ್ದು ವಾರ್ಯಾಳ ಸೊಂಟದಲ್ಲಿ. ಎಪಿಖೊದೊವ್ ಅಂದರೆ ಹಿಂದಿನ ಅಂಕದಲ್ಲಿ ಅವಳು ಬೈದು ಹೊರಗಟ್ಟಿದ ಮನುಷ್ಯ. ಆ ಸುದ್ದಿಗೆ ಅವಳು ಕೊಡುವ ಉತ್ತರ ಬರೀ 'ಸರಿ' ಎನ್ನುವಷ್ಟು ಚಿಕ್ಕದು. ನೋಯಿಸಬೇಕೆಂದೇ ಅವನು ಹೀಗೆ ಹೇಳಿದ ಎನ್ನಲು ಪಠ್ಯದಲ್ಲಿ ಆಧಾರವಿಲ್ಲ. ನೋವಾಯಿತು ಎನ್ನಲು ಇದೆ. ಈ ಎರಡನ್ನೂ ಬೇರೆಬೇರೆಯಾಗಿ ಹಿಡಿಯುವುದು ನಿಮ್ಮ ಲೇಖನಕ್ಕೆ ತೀರಾ ಬೇಕಾದ ಕೆಲಸ.

ಈಗ ನೀವು ಬಿಟ್ಟ ಜಾಗ. ಹೋದ ವರ್ಷ ಇಷ್ಟು ಹೊತ್ತಿಗೆ ಹಿಮ ಬೀಳುತ್ತಿತ್ತು, ನೆನಪಿದೆಯಾ, ಈಗ ನೋಡಿದರೆ ಬಿಸಿಲು. ಚಳಿ ಮಾತ್ರ ಇದೆ, ಶೂನ್ಯಕ್ಕಿಂತ ಮೂರು ಡಿಗ್ರಿ ಕೆಳಗೆ, ಎನ್ನುತ್ತಾನೆ ಅವನು. ನಾನು ನೋಡಲಿಲ್ಲ ಎನ್ನುತ್ತಾಳೆ ಅವಳು. ಮೌನ. ನಮ್ಮ ಥರ್ಮಾಮೀಟರೂ ಒಡೆದಿದೆ ಎನ್ನುತ್ತಾಳೆ. ಮತ್ತೆ ಮೌನ. ಮೊದಲನೆಯ ಮೌನ ಅವನಿಗೆ ಸಿಕ್ಕ ಅವಕಾಶ. ಅವನು ತುಂಬಲಿಲ್ಲ. ತಡೆಯಲಾರದೆ ಅವಳೇ ತುಂಬಿದಳು, ಆದರೆ ಅವಳ ಕೈಗೆ ಸಿಕ್ಕಿದ್ದು ಥರ್ಮಾಮೀಟರು. ಎರಡನೆಯ ಮೌನದಲ್ಲಿ ಇಬ್ಬರ ಹತ್ತಿರವೂ ಏನೂ ಉಳಿದಿಲ್ಲ. ಅಷ್ಟರಲ್ಲಿ ಅಂಗಳದಿಂದ ಯಾರೋ ಅವನ ಹೆಸರು ಕೂಗುತ್ತಾರೆ. ಬಹಳ ಹೊತ್ತಿನಿಂದ ಆ ಕರೆಗೇ ಕಾದಿದ್ದವನಂತೆ 'ಬಂದೆ' ಎಂದು ಅವನು ಬೇಗಬೇಗ ಹೊರಟುಹೋಗುತ್ತಾನೆ. ಈ 'ಕಾದಿದ್ದವನಂತೆ' ಎಂಬುದು ಸೂಚನೆಯಲ್ಲೇ ಇದೆ, ನನ್ನ ಕಲ್ಪನೆ ಅಲ್ಲ. ಅವಳು ನೆಲದ ಮೇಲೆ ಕೂತು, ಬಟ್ಟೆಯ ಗಂಟಿನ ಮೇಲೆ ತಲೆಯಿಟ್ಟು ಸದ್ದಿಲ್ಲದೆ ಅಳುತ್ತಾಳೆ. ಮದುವೆ ಎಂಬ ಪದ ಇಡೀ ಭೇಟಿಯಲ್ಲಿ ಒಮ್ಮೆಯೂ ಬಂದಿಲ್ಲ.

ಸಂಸ್ಕೃತ ಕಾವ್ಯಮೀಮಾಂಸಕ ಮಮ್ಮಟನ 'ಕಾವ್ಯಪ್ರಕಾಶ'ದಲ್ಲಿ ಇದಕ್ಕೆ ಹೊಂದುವ ಒಂದು ಉದಾಹರಣೆ ಇದೆ. 'ಸೂರ್ಯ ಮುಳುಗಿದ' ಎಂಬ ಒಂದೇ ವಾಕ್ಯ. ದಾಳಿಗೆ ಕಾದವನಿಗೆ ಅದು ಶತ್ರುವಿನ ಮೇಲೆ ಬೀಳುವ ಹೊತ್ತು, ದನ ಕಾಯುವವನಿಗೆ ದನ ಹೊಡೆದುಕೊಂಡು ಬರುವ ಹೊತ್ತು, ನಲ್ಲನ ದಾರಿ ಕಾಯುವವಳಿಗೆ ಬೇರೆಯೇ ಹೊತ್ತು. ವಾಕ್ಯ ಬದಲಾಗಿಲ್ಲ, ಯಾರು, ಯಾರಿಗೆ, ಯಾವಾಗ ಎಂಬುದು ಬದಲಾಗಿದೆ. ಮೂರು ಡಿಗ್ರಿ ಚಳಿಯೂ ಹಾಗೆಯೇ. ಪಕ್ಕದಲ್ಲಿ ನಿಂತ ಅಪರಿಚಿತನಿಗೆ ಹೇಳಿದ್ದರೆ ಅದು ಬರೀ ಚಳಿ.

ಆದರೆ ಎಚ್ಚರ. ಇಷ್ಟು ಓದಿದ ಮೇಲೆ ಮೌನ ಕಂಡಲ್ಲೆಲ್ಲ ಪ್ರೇಮ ಹುಡುಕುವವರೂ ನಮಗೆ ಬರೆಯುತ್ತಾರೆ. ನಾನು ಮಾಡುವ ಪರೀಕ್ಷೆ ಒಂದೇ. ಮಾತಿನ ಒಳಗೆ ಇದೆ ಎಂದು ನಾನು ಹೇಳುವ ಅರ್ಥಕ್ಕೆ ಆ ಸಾಲಿನ ಹೊರಗೆ ಇನ್ನೊಂದು ಕಡೆ ಆಸರೆ ಸಿಗಬೇಕು: ಒಂದು ಚಲನೆ, ಹಿಂದಿನ ಅಂಕದ ಒಂದು ಮಾತು, ಒಂದು ಸೂಚನೆ. ಅವಳಿಗೆ ಈ ಮದುವೆ ಬೇಕಿತ್ತು ಎನ್ನಲು ಮೂರನೇ ಅಂಕದ ಅಳಲೂ ಈ ಅಳುವೂ ಸಾಕು. ಅವನು ಯಾಕೆ ಕೇಳಲಿಲ್ಲ ಎಂಬುದಕ್ಕೆ ಅಂಥ ಆಸರೆ ನನಗೆ ಸಿಕ್ಕಿಲ್ಲ. ಜೀತಗಾರರ ವಂಶದವನೆಂಬ ಕೀಳರಿಮೆ ಎನ್ನುವವರಿದ್ದಾರೆ, ಅವನ ಮನಸ್ಸು ಸಾಕುತಾಯಿಯ ಮೇಲೇ ಇತ್ತು ಎನ್ನುವವರೂ ಇದ್ದಾರೆ. ಎರಡಕ್ಕೂ ಸ್ವಲ್ಪ ಸ್ವಲ್ಪ ಪುಷ್ಟಿ ನಾಟಕದಲ್ಲಿದೆ, ತೀರ್ಪು ಕೊಡುವಷ್ಟು ಇಲ್ಲ. ನಿಮ್ಮ 'ಕಲ್ಲುಹೃದಯ'ಕ್ಕೆ ಅಷ್ಟೂ ಇಲ್ಲ.

ದುರಂತ ಎಂಬ ಪದವನ್ನು ನೀವು ಒಂಬತ್ತು ಸಲ ಬಳಸಿದ್ದೀರಿ. 1904ರಲ್ಲಿ ಮೊದಲು ರಂಗಕ್ಕೆ ಬಂದ ಈ ನಾಟಕವನ್ನು ಚೆಕಾಫ್ ಕಾಮಿಡಿ ಎಂದೇ ಕರೆದ. ಒಪ್ಪಲೇಬೇಕೆಂದಿಲ್ಲ, ಆದರೆ ಬಾಗಿಲ ಹಿಂದಿನ ಆ ನಗುವಿಗೆ ನಿಮ್ಮ ಲೇಖನದಲ್ಲಿ ಎಲ್ಲಾದರೂ ಜಾಗ ಬೇಕು.

ಮತ್ತೆ ಬರೆಯುವುದಾದರೆ ಥರ್ಮಾಮೀಟರಿನಿಂದ ಶುರುಮಾಡಿ. ಪ್ರತಿ ಮಾತಿನ ಕೆಳಗೆ, ಹೇಳಿದವರಿಗೆ ಎದುರಿನವರಿಂದ ಏನು ಬೇಕಿತ್ತು ಎಂದು ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಳ್ಳಿ. ಗೊತ್ತಾಗದ ಕಡೆ ಖಾಲಿ ಬಿಡಿ. ಯಾವ ಅನುವಾದ ಇಟ್ಟುಕೊಂಡಿದ್ದೀರಿ ಎಂಬುದನ್ನೂ ತಿಳಿಸಿ. ಕೆಲವು ರೂಪಾಂತರಗಳು ಮೌನಗಳನ್ನು ಕತ್ತರಿಸಿಬಿಡುತ್ತವೆ, ನಿಮ್ಮದರಲ್ಲೂ ಹಾಗಾಗಿದ್ದರೆ ಅರ್ಧ ತಪ್ಪು ನಿಮ್ಮದಲ್ಲ. ನಾಲ್ಕು ಪುಟ ಸಾಕು. ವಾರ್ಯಾ ಹುಡುಕುತ್ತಿದ್ದ ವಸ್ತು ಯಾವುದೆಂದು ಮಾತ್ರ ಊಹಿಸಿ ಬರೆಯಬೇಡಿ.