ಫ್ರೀ ಡೆಲಿವರಿಯ ಗೆರೆ ಎಲ್ಲಿ ಎಳೆಯಬೇಕು? ಒಂದು ದಿನಸಿ ಅಂಗಡಿಯ ಪ್ರಕರಣ

ಮೈಸೂರಿನ ಹಳೆಯ ಬಡಾವಣೆಯೊಂದರಲ್ಲಿ ದಿನಸಿ ಅಂಗಡಿ ನಡೆಸುವ ಗಂಡ ಹೆಂಡತಿ ನನ್ನ ಬಳಿ ಸಲಹೆಗೆ ಬಂದಿದ್ದರು. ಅವರ ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಅಂಗಡಿಗೆ ಒಂದು ಪುಟ್ಟ ಆನ್‌ಲೈನ್ ಪುಟ ಇದೆ. ವಾಟ್ಸ್ಆ್ಯಪ್‌ನಲ್ಲೂ ಆರ್ಡರ್ ಬರುತ್ತದೆ. ಎರಡೂ ಸೇರಿ ತಿಂಗಳಿಗೆ ಸುಮಾರು 600 ಆರ್ಡರ್. ನಿಯಮ ಸರಳವಾಗಿತ್ತು: ₹200ರ ಒಳಗಿನ ಆರ್ಡರ್‌ಗೆ ₹20 ಚಾರ್ಜ್, ಅದರ ಮೇಲೆ ಫ್ರೀ.

ಅವರು ಬಂದದ್ದು ಎರಡನೇ ಡೆಲಿವರಿ ಹುಡುಗನನ್ನು ಇಟ್ಟುಕೊಳ್ಳಬೇಕೇ ಎಂದು ಕೇಳಲು. ಇರುವ ಹುಡುಗ ದಿನಕ್ಕೆ 23 ಸಲ ಓಡಾಡಿ ಸುಸ್ತಾಗುತ್ತಿದ್ದ. ಆರ್ಡರ್ ಇಷ್ಟು ಬರುತ್ತಿದ್ದರೂ ತಿಂಗಳ ಕೊನೆಗೆ ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ. ಚಾರ್ಜ್ ಜಾಸ್ತಿ ಮಾಡುವ ಮಾತು ಬಂದಾಗ ಯಜಮಾನರು ತಲೆ ಅಲ್ಲಾಡಿಸಿದರು. "ಇಪ್ಪತ್ತು ವರ್ಷದ ಗಿರಾಕಿಗಳು ಸಾರ್. ಅವರ ಹತ್ರ ಡೆಲಿವರಿ ದುಡ್ಡು ಅಂತ ಹೇಗೆ ಕೇಳೋದು?" ಅವರ ಹೆಂಡತಿ ಮೆಲ್ಲಗೆ, "ಕೇಳದೆ ಇದ್ರೆ ಇನ್ನೊಬ್ಬನಿಗೆ ಸಂಬಳ ಎಲ್ಲಿಂದ ಕೊಡೋಣ?" ಎಂದರು. ಇಬ್ಬರ ಮಾತಿನಲ್ಲೂ ಹುರುಳಿತ್ತು. ಹಾಗಾಗಿ ಮೊದಲು ಲೆಕ್ಕ ನೋಡೋಣ, ಕೇಳುವ ಬಗೆ ಆಮೇಲೆ ಎಂದೆ.

ಒಂದು ಆರ್ಡರ್ ಮನೆ ಮುಟ್ಟಿಸಲು ಏನು ಖರ್ಚು? ಹುಡುಗನ ಸಂಬಳ ₹14,000, ಪೆಟ್ರೋಲ್ ₹2,800, ಗಾಡಿಯ ಸರ್ವೀಸ್, ಟೈರ್, ಇನ್ಶೂರೆನ್ಸ್ ಸೇರಿ ತಿಂಗಳ ಲೆಕ್ಕದಲ್ಲಿ ₹1,200. ಒಟ್ಟು ₹18,000. ಇದನ್ನು 600ರಿಂದ ಭಾಗಿಸಿದರೆ ಆರ್ಡರ್‌ಗೆ ₹30. ಅಲ್ಲಿಗೆ ಮುಗಿಯಲಿಲ್ಲ. ಚೀಲಕ್ಕೆ ₹5 ಬೀಳುತ್ತದೆ. ಅಂಗಡಿಯ ಸಹಾಯಕ ಸಾಮಾನು ತೆಗೆದು, ತೂಗಿ, ಪ್ಯಾಕ್ ಮಾಡಲು ಹತ್ತು ನಿಮಿಷ ಬೇಕು, ಅವನ ಸಂಬಳದ ಪ್ರಕಾರ ಅದು ₹8. ಅಲ್ಲಿಗೆ ₹43 ಆಯಿತು. ಯಜಮಾನರ ಮನಸ್ಸಿನಲ್ಲಿ ಇದ್ದದ್ದು ಪೆಟ್ರೋಲ್ ಖರ್ಚು ಮಾತ್ರ. ಅದು ಆರ್ಡರ್‌ಗೆ ₹5 ಕೂಡ ಆಗುವುದಿಲ್ಲ. ಬಹಳ ಅಂಗಡಿಗಳಲ್ಲಿ ಡೆಲಿವರಿ ಅಗ್ಗ ಅನ್ನಿಸುವುದು ಇದೇ ಕಾರಣಕ್ಕೆ.

ಇನ್ನು ಮಾರ್ಜಿನ್, ಅಂದರೆ ನೂರು ರೂಪಾಯಿ ಮಾರಿದರೆ ಕೊಂಡ ಬೆಲೆ ಕಳೆದು ಉಳಿಯುವುದು. ಹೆಂಡತಿ ಖರೀದಿ ಬಿಲ್ಲುಗಳನ್ನು ಜೋಪಾನವಾಗಿ ಇಟ್ಟಿದ್ದರು. ಸಕ್ಕರೆ, ಎಣ್ಣೆಯಲ್ಲಿ ನೂರಕ್ಕೆ ನಾಲ್ಕೈದು ರೂಪಾಯಿ. ಬಿಸ್ಕತ್ತು, ಸೋಪಿನಲ್ಲಿ ಎಂಟು ಹತ್ತು. ಲೂಸ್ ಬೇಳೆ, ಸಾಂಬಾರ ಪದಾರ್ಥದಲ್ಲಿ ಹದಿನೈದರ ಮೇಲೆ. ಎಲ್ಲ ಸೇರಿಸಿ ನೋಡಿದರೆ ಸುಮಾರು 12. ಅಂದರೆ ₹43 ಖರ್ಚು ಹುಟ್ಟಬೇಕಾದರೆ ಆರ್ಡರ್ ಸುಮಾರು ₹358 ಇರಬೇಕು. ಇವರು ₹200ಕ್ಕೇ ಫ್ರೀ ಕೊಡುತ್ತಿದ್ದರು.

"ಆದರೆ ನಮ್ಮ ಆವರೇಜ್ ಆರ್ಡರ್ ₹318 ಇದೆಯಲ್ಲ ಸಾರ್" ಎಂದರು ಯಜಮಾನರು. ಇಲ್ಲಿ ಆವರೇಜ್ ನಂಬಬಾರದು. ತಿಂಗಳ ಸಾಮಾನಿನ ಕೆಲವು ದೊಡ್ಡ ಆರ್ಡರ್‌ಗಳು ಅದನ್ನು ಮೇಲಕ್ಕೆ ಎಳೆದಿರುತ್ತವೆ. 600 ಬಿಲ್ಲುಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ಜೋಡಿಸಿ ನಡುವಿನದನ್ನು ನೋಡಿದೆವು. ಅದು ₹240ರ ಹತ್ತಿರ ಇತ್ತು. ₹200ರಿಂದ ₹299ರ ನಡುವೆ 240 ಆರ್ಡರ್ ಗುಂಪಾಗಿ ನಿಂತಿದ್ದವು. ಜನ ಫ್ರೀ ಆಗುವಷ್ಟಕ್ಕೆ ಒಂದು ಸೋಪೋ ಬ್ರೆಡ್ಡೋ ಸೇರಿಸಿ ನಿಲ್ಲಿಸುತ್ತಿದ್ದರು.

ಈ ಗುಂಪಿನ ಲೆಕ್ಕ ನೋಡಿ. ₹235ರ ಆರ್ಡರ್‌ನಲ್ಲಿ ಮಾರ್ಜಿನ್ ಸುಮಾರು ₹28, ಖರ್ಚು ₹43, ನಷ್ಟ ₹15. ಅದೇ ₹130ರ ಸಣ್ಣ ಆರ್ಡರ್‌ನಲ್ಲಿ ಮಾರ್ಜಿನ್ ₹16 ಇದ್ದರೂ ₹20 ಚಾರ್ಜ್ ಬರುವುದರಿಂದ ನಷ್ಟ ಬರೀ ₹7. ಅಂದರೆ ಇವರ ಫ್ರೀ ಡೆಲಿವರಿ ನಿಯಮ ಗಿರಾಕಿಯನ್ನು ಕಡಿಮೆ ನಷ್ಟದ ಜಾಗದಿಂದ ಜಾಸ್ತಿ ನಷ್ಟದ ಜಾಗಕ್ಕೆ ಕರೆದು ತರುತ್ತಿತ್ತು. ₹500ರ ಮೇಲಿನ 80 ಆರ್ಡರ್‌ಗಳು ತಂದ ಲಾಭವೆಲ್ಲ ಈ ಗುಂಪನ್ನು ಸಾಕಲು ಹೋಗುತ್ತಿತ್ತು. ಡೆಲಿವರಿ ಲೆಕ್ಕದಲ್ಲಿ ಇಡೀ ತಿಂಗಳಿಗೆ ಉಳಿದದ್ದು ಸುಮಾರು ₹100. ಅಂಗಡಿ ಬಾಡಿಗೆ, ಕರೆಂಟು, ಇವರಿಬ್ಬರ ದುಡಿಮೆ ಇನ್ನೂ ಲೆಕ್ಕಕ್ಕೆ ಬಂದಿರಲಿಲ್ಲ.

ಚಾರ್ಜ್ ಕೇಳುವ ಬದಲು ಸಾಮಾನಿನ ಬೆಲೆಯಲ್ಲೇ ಒಂದೆರಡು ರೂಪಾಯಿ ಸೇರಿಸಿಬಿಡೋಣವೇ ಎಂದು ಯಜಮಾನರು ಕೇಳಿದರು. ಪ್ಯಾಕ್ ಸಾಮಾನಿನಲ್ಲಿ ಅದು ಆಗದು, ಎಂಆರ್‌ಪಿ ಮೀರಿ ಮಾರುವಂತಿಲ್ಲ. ಲೂಸ್ ಬೇಳೆಗೆ ಸೇರಿಸಬಹುದು. ಆದರೆ ಅದೇ ಗಿರಾಕಿ ಭಾನುವಾರ ಅಂಗಡಿಗೇ ಬಂದು ತೊಗರಿಬೇಳೆ ಕೊಳ್ಳುತ್ತಾರೆ. ಪುಟದಲ್ಲಿ ಒಂದು ದರ, ಅಂಗಡಿಯಲ್ಲಿ ಇನ್ನೊಂದು ಅಂದರೆ ಇಪ್ಪತ್ತು ವರ್ಷದ ನಂಬಿಕೆಗೇ ಪೆಟ್ಟು. ಚಾರ್ಜನ್ನು ಚಾರ್ಜ್ ಎಂದೇ ತೋರಿಸುವುದು ಒಳ್ಳೆಯದು ಎಂದೆ.

ಹಾಗಾದರೆ ಗೆರೆ ಎಲ್ಲಿ? ₹358ರಲ್ಲಿ ಖರ್ಚು ಮಾತ್ರ ಹುಟ್ಟುತ್ತದೆ. ಆರ್ಡರ್‌ಗೆ ₹15 ಆದರೂ ಅಂಗಡಿಗೆ ಉಳಿಯಬೇಕು ಎಂದುಕೊಂಡರೆ ₹58 ಮಾರ್ಜಿನ್ ಬೇಕು. ಅದು ಸುಮಾರು ₹483ರ ಆರ್ಡರ್. ಹಾಗಾಗಿ ಫ್ರೀ ಗೆರೆ ₹499 ಎಂದು ಹೇಳಿದೆ. ಆದರೆ ₹240 ಕೊಳ್ಳುವವರಿಗೆ ₹499 ತುಂಬ ದೂರ. ಅವರು ಅದರ ಕಡೆ ನೋಡುವುದೂ ಇಲ್ಲ, ಸುಮ್ನೆ ಬೇಜಾರಾಗುತ್ತಾರೆ. ಆದ್ದರಿಂದ ನಡುವೆ ಒಂದು ಮೆಟ್ಟಿಲು ಇಟ್ಟೆವು: ₹250ರ ಒಳಗೆ ₹30, ₹250ರಿಂದ ₹498ರವರೆಗೆ ₹15, ಮೇಲೆ ಫ್ರೀ. ₹235 ಕೊಳ್ಳುವವರು ₹15ರ ಸಾಮಾನು ಸೇರಿಸಿದರೆ ಅವರಿಗೆ ಚಾರ್ಜಿನಲ್ಲಿ ₹15 ಉಳಿಯುತ್ತದೆ. ಮೊದಲ ಮೆಟ್ಟಿಲು ಅವರ ಕೈಗೆ ಎಟುಕುತ್ತದೆ. ಪ್ರತಿ ಮೆಟ್ಟಿಲನ್ನೂ ಪರೀಕ್ಷಿಸಿದೆವು. ಸರಿಯಾಗಿ ₹250ರ ಆರ್ಡರ್‌ನಲ್ಲಿ ₹30 ಮಾರ್ಜಿನ್, ₹15 ಚಾರ್ಜ್, ಖರ್ಚು ಕಳೆದು ₹2 ಉಳಿತು. ಈ ನಡುವಿನ ಮೆಟ್ಟಿಲಿನಲ್ಲಿ ಎಲ್ಲಕ್ಕಿಂತ ಕಡಿಮೆ ಉಳಿಯುವ ಜಾಗ ಅದು, ಅಲ್ಲೂ ನಷ್ಟವಿಲ್ಲ.

ಇಷ್ಟೇ ಮಾಡಿ ಕಳಿಸಿದ್ದರೆ ಸಲಹೆ ಅರ್ಧ ಆಗುತ್ತಿತ್ತು. ಯಾಕೆಂದರೆ ₹43ರಲ್ಲಿ ದೊಡ್ಡ ಪಾಲು ಸಂಬಳ. ನೂರು ಆರ್ಡರ್ ತಪ್ಪಿದರೂ ಹುಡುಗನ ಸಂಬಳ ₹14,000 ಇದ್ದೇ ಇರುತ್ತದೆ, ಆಗ ಉಳಿದ ಆರ್ಡರ್‌ಗಳ ತಲೆಗೆ ಬೀಳುವ ಖರ್ಚು ₹30ರಿಂದ ಸುಮಾರು ₹35ಕ್ಕೆ ಏರುತ್ತದೆ. ಸಣ್ಣ ಆರ್ಡರ್‌ಗಳನ್ನು ದೂರ ಮಾಡಿ ಪ್ರಯೋಜನವಿಲ್ಲ, ಅವನ್ನು ಒಟ್ಟಿಗೆ ಸೇರಿಸಿ ಕಳಿಸಬೇಕು. ಇವರ ಹುಡುಗ ಒಂದೊಂದು ಆರ್ಡರ್‌ಗೂ ಒಂದೊಂದು ಸಲ ಹೋಗುತ್ತಿದ್ದ, ಪ್ರತಿ ಸಲ ಇಪ್ಪತ್ತು ನಿಮಿಷ. ಅಲ್ಲಿಗೆ ಸುಮಾರು ಎಂಟು ಗಂಟೆ. ಬೆಳಗ್ಗೆ 11ರ ಸರದಿ, ಸಂಜೆ 6ರ ಸರದಿ ಎಂದು ಮಾಡಿ, ಒಂದು ಸುತ್ತಿಗೆ ಅಕ್ಕಪಕ್ಕದ ನಾಲ್ಕು ಮನೆ ಹಾಕಿದರೆ ಸುತ್ತಿಗೆ ಮುಕ್ಕಾಲು ಗಂಟೆ. ದಿನಕ್ಕೆ ಆರು ಸುತ್ತು, ನಾಲ್ಕೂವರೆ ಗಂಟೆ. ಎರಡನೇ ಹುಡುಗ ಬೇಡವೇ ಬೇಡ. "ಹತ್ತು ನಿಮಿಷದಲ್ಲಿ ತಂದು ಕೊಡೋ ಆ್ಯಪ್‌ಗಳು ಇವೆಯಲ್ಲ ಸಾರ್, ಸಂಜೆವರೆಗೆ ಯಾರು ಕಾಯ್ತಾರೆ?" ಎಂದರು ಯಜಮಾನರು. ಹಾಲು, ಬ್ರೆಡ್ಡಿಗೆ ಕಾಯುವುದಿಲ್ಲ, ನಿಜ. ಆದರೆ ಅಕ್ಕಿ, ಬೇಳೆ, ಎಣ್ಣೆಗೆ ಕಾಯುತ್ತಾರೆ, ಇವರಿಗೆ ಮಾರ್ಜಿನ್ ಬರುವುದೂ ಬೇಳೆ, ಸಾಂಬಾರ ಪದಾರ್ಥದಂಥ ದಿನಸಿಯಲ್ಲೇ. ತುರ್ತಾಗಿ ಬೇಕು ಎನ್ನುವವರಿಗೆ ಯಾವ ಮೊತ್ತಕ್ಕಾದರೂ ₹45 ಎಂದು ಬೇರೆ ಸಾಲು ಇಡಲು ಹೇಳಿದೆ.

ತಿಂಗಳಿಗೆ ₹99 ಕಟ್ಟಿದರೆ ಎಷ್ಟು ಸಲ ಬೇಕಾದರೂ ಫ್ರೀ ಎಂಬ ಪಾಸ್ ಕೊಡೋಣ ಎಂದು ಅವರ ಮಗ ಹೇಳಿದ್ದನಂತೆ. ಬೇಡ ಎಂದೆ. ಅದನ್ನು ಕೊಳ್ಳುವವರು ಜಾಸ್ತಿ ಸಲ, ಚಿಕ್ಕ ಚಿಕ್ಕ ಆರ್ಡರ್ ಮಾಡುವವರೇ. ಎಂಟು ಸಲ ತರಿಸಿದರೆ ಸಲಕ್ಕೆ ₹12 ಬಂದ ಹಾಗೆ.

ಒಂಟಿಯಾಗಿರುವ ವಯಸ್ಸಾದ ಗಿರಾಕಿಗಳ ಬಗ್ಗೆ ಯಜಮಾನರಿಗೆ ನಿಜವಾದ ಕಾಳಜಿ ಇತ್ತು. ಅವರಿಂದ ಚಾರ್ಜ್ ತೆಗೆದುಕೊಳ್ಳಲು ಮನಸ್ಸಿಲ್ಲ. ನಾನು ಅದನ್ನು ತಡೆಯಲಿಲ್ಲ. ಅಂಥ ಹನ್ನೆರಡು ಮನೆಗಳ ಪಟ್ಟಿ ಮಾಡಿ, ಅವರ ಆರ್ಡರ್ ಸಂಜೆಯ ಸರದಿಯಲ್ಲಿ ಹೋಗಲಿ, ಚಾರ್ಜ್ ಬೇಡ ಎಂದು ನಿರ್ಧರಿಸಿದೆವು. ಒಂದೇ ಷರತ್ತು: ಬಿಟ್ಟ ಚಾರ್ಜನ್ನು ಪ್ರತಿ ತಿಂಗಳು ಪುಸ್ತಕದಲ್ಲಿ ಬರೆಯಬೇಕು. ಮನೆಗೆ ತಿಂಗಳಿಗೆ ನಾಲ್ಕು ಆರ್ಡರ್ ಅಂದರೂ ಅದು ₹1,500 ದಾಟುವುದಿಲ್ಲ. ಎಷ್ಟು ಎಂದು ಗೊತ್ತಿದ್ದು ಬಿಡುವುದಕ್ಕೂ ಗೊತ್ತಿಲ್ಲದೆ ಕಳೆದುಕೊಳ್ಳುವುದಕ್ಕೂ ವ್ಯತ್ಯಾಸವಿದೆ, ಅಲ್ವಾ?

ಕೇಳುವ ಬಗೆಯ ಬಗ್ಗೆ ಎರಡು ಮಾತು ಹೇಳಿದೆ. ಚಾರ್ಜಿನ ಪಟ್ಟಿ ಪುಟದ ಮೇಲ್ಗಡೆಯೇ ಇರಬೇಕು. ದುಡ್ಡು ಕಟ್ಟುವ ಹೊತ್ತಿಗೆ ಹೊಸದಾಗಿ ಕಾಣಿಸಬಾರದು. ಆನ್‌ಲೈನ್ ಮಾರಾಟಕ್ಕೆ 2020ರಲ್ಲಿ ಬಂದ ಗ್ರಾಹಕ ರಕ್ಷಣೆ ನಿಯಮಗಳ ಪ್ರಕಾರ ಒಟ್ಟು ಬೆಲೆಯನ್ನು ಡೆಲಿವರಿ ಚಾರ್ಜ್ ಸಮೇತ ಬಿಡಿಸಿ ತೋರಿಸಬೇಕು. ಚಾರ್ಜನ್ನು ಕೊನೆಯಲ್ಲಿ ತೂರಿಸುವುದನ್ನು 2023ರ ಮಾರ್ಗಸೂಚಿ ಗ್ರಾಹಕರ ದಾರಿ ತಪ್ಪಿಸುವ ತಂತ್ರಗಳ ಪಟ್ಟಿಗೆ ಸೇರಿಸಿದೆ. ಇನ್ನೊಂದು ವಿಷಯ ಜಗಳ ತರುವಂಥದ್ದು. ಗಿರಾಕಿ ₹510ಕ್ಕೆ ಆರ್ಡರ್ ಮಾಡಿದ್ದಾರೆ, ಅಂಗಡಿಯಲ್ಲಿ ಒಂದು ಸಾಮಾನು ಇಲ್ಲ, ಬಿಲ್ಲು ₹460ಕ್ಕೆ ಇಳಿಯಿತು. ಪುಟದ ಸಾಫ್ಟ್‌ವೇರ್ ತಾನಾಗಿ ₹15 ಸೇರಿಸುತ್ತದೆ. ಅದನ್ನು ಕೈಯಾರೆ ತೆಗೆಯಲೇಬೇಕು. ಸಾಮಾನು ಇಲ್ಲದ್ದು ಗಿರಾಕಿಯ ತಪ್ಪಲ್ಲ.

ಎರಡು ತಿಂಗಳ ಮೇಲೆ ಪುಸ್ತಕ ತಂದರು. ಆರ್ಡರ್ 520ಕ್ಕೆ ಇಳಿದಿತ್ತು, ವ್ಯಾಪಾರ ಮಾತ್ರ ₹1,91,000ದಿಂದ ₹1,98,000ಕ್ಕೆ ಏರಿತ್ತು. ₹499 ದಾಟಿದ ಆರ್ಡರ್‌ಗಳು 130 ಆಗಿದ್ದವು. ಖರ್ಚೆಲ್ಲ ಕಳೆದು ಡೆಲಿವರಿ ಲೆಕ್ಕದಲ್ಲಿ ಸುಮಾರು ₹6,000 ಉಳಿದಿತ್ತು. ನಾವು ಅಂದುಕೊಂಡದ್ದು ₹8,000. ಆ ವ್ಯತ್ಯಾಸದ ಕಾರಣವನ್ನು ಹೆಂಡತಿಯೇ ಕಂಡುಹಿಡಿದಿದ್ದರು. ₹499 ಮುಟ್ಟಿಸಲು ಜನ ಸೇರಿಸುತ್ತಿದ್ದದ್ದು ಹೆಚ್ಚಾಗಿ ಎಣ್ಣೆ ಪ್ಯಾಕೆಟ್ಟು, ಸಕ್ಕರೆ. ಗೆರೆಯ ಪಕ್ಕದ ಆರ್ಡರ್‌ಗಳಲ್ಲಿ ಮಾರ್ಜಿನ್ 9ಕ್ಕೆ ಇಳಿದಿತ್ತು. ಅಂದರೆ ₹499ರಲ್ಲಿ ಬರೀ ₹45, ಹಳೆಯ ₹43 ಖರ್ಚನ್ನೇ ಕಳೆದರೂ ಉಳಿಯುವುದು ಎರಡು ರೂಪಾಯಿ.

ಎಣ್ಣೆ, ಸಕ್ಕರೆಯನ್ನು ಲೆಕ್ಕದಿಂದ ಹೊರಗಿಡೋಣ ಎಂದು ಯಜಮಾನರು ಹೇಳಿದರು. ಅದು ಬೇಡ, ಯಾವುದು ಲೆಕ್ಕಕ್ಕೆ ಬರುತ್ತದೆ ಎಂದು ಗಿರಾಕಿ ಯೋಚಿಸುವ ಹಾಗಾಗಬಾರದು ಎಂದೆ. ಬದಲಿಗೆ "ಇನ್ನು ₹60 ಸೇರಿಸಿದರೆ ಡೆಲಿವರಿ ಫ್ರೀ" ಎಂಬ ಸಾಲಿನ ಕೆಳಗೆ ಏನು ತೋರಿಸಬೇಕೆಂದು ಬದಲಿಸಿದೆವು: ಸಾರಿನ ಪುಡಿ, ಹಪ್ಪಳ, ಕಡಲೆಬೀಜ, ಜೀರಿಗೆ, ಮೆಂತ್ಯ. ಮನೆಗೆ ಹೇಗೂ ಬೇಕಾದ ಸಾಮಾನು, ಮಾರ್ಜಿನ್ ಹದಿನೈದರ ಮೇಲೆ. ಮುಂದಿನ ತಿಂಗಳು ನೋಡಬೇಕಾದದ್ದು ₹499ರಿಂದ ₹550ರ ಆರ್ಡರ್‌ಗಳ ಮಾರ್ಜಿನ್ ಒಂದನ್ನೇ. ಅದು 11ರ ಮೇಲೆ ಬಂದರೆ ಗೆರೆ ಅಲ್ಲೇ ಇರಲಿ, ಬರದಿದ್ದರೆ ₹549 ಮಾಡಿ ಎಂದು ಹೇಳಿ ಕಳಿಸಿದೆ.

ಹೊರಡುವಾಗ ರಿಂಗ್ ರಸ್ತೆಯ ಆಚೆಯ ಹೊಸ ಲೇಔಟ್‌ನಿಂದ ಆರ್ಡರ್ ಬರುತ್ತಿದೆ, ತೆಗೆದುಕೊಳ್ಳಲೇ ಎಂದು ಕೇಳಿದರು. ನಾಲ್ಕು ಕಿಲೋಮೀಟರ್ ದೂರ. ಅಲ್ಲಿಗೆ ಸಂಜೆಯ ಸರದಿ ಮಾತ್ರ ಇಡಿ, ಮೂರು ಆರ್ಡರ್ ಸೇರಿದ ದಿನ ಹೋಗಿ, ಸೇರದಿದ್ದರೆ ಮಧ್ಯಾಹ್ನವೇ ಫೋನ್ ಮಾಡಿ ನಾಳೆ ಎಂದು ತಿಳಿಸಿ ಎಂದೆ.