ತಲೆಬರಹ ಮಡಿಕೆ ದಾಟುವಾಗ

"ಚನ್ನಪಟ್ಟಣದ ಗೊಂಬೆ ಕೆಲಸದ ಬಗ್ಗೆ ಎರಡು ಪುಟದ ಲೇಖನ ಕಳಿಸಿದ್ದೇನೆ. ಎರಡೂ ಪುಟಕ್ಕೆ ಹರಡುವ ತಲೆಬರಹ, ದೊಡ್ಡಕ್ಷರದಲ್ಲಿ ಎತ್ತಿ ತೋರಿಸುವ ಒಂದು ಮಾತು, ಫೋಟೊಗಳ ಅಡಿಬರಹ ನಾನೇ ಬರೆದಿದ್ದೇನೆ. ಹೀಗೇ ಹಾಕಬಹುದೇ?"

ಲೇಖನ ಹಾಕಬಹುದು, ಉಳಿದ ಮೂರನ್ನೂ ತಿದ್ದಬೇಕು.

'ಚನ್ನಪಟ್ಟಣದ ಬಣ್ಣದ / ಗೊಂಬೆಗಳ ವಿಸ್ಮಯ ಲೋಕ' ಎಂದು ಎರಡು ಸಾಲು ಕೊಟ್ಟಿದ್ದೀರಿ. 'ವಿಸ್ಮಯ ಲೋಕ' ಯಾವ ಊರಿನ ಯಾವ ಕಸುಬಿಗೂ ಹೊಂದುತ್ತದೆ, ಹಾಗಾಗಿ ನಿಮ್ಮ ಲೇಖನದ್ದು ಅನ್ನಿಸುವುದಿಲ್ಲ. ಅದಕ್ಕಿಂತ ತೊಡಕಿನದು ಮೇಲಿನ ಸಾಲಿನ ಒತ್ತಕ್ಷರಗಳು. ನ್ನ, ಟ್ಟ, ಣ್ಣ ಮೂರರ ಒತ್ತೂ ಕೆಳಗಿಳಿದು ಕೆಳಸಾಲಿನ ಅಕ್ಷರಗಳ ತಲೆಗೆ ತಾಗುತ್ತವೆ. 36 ಪಾಯಿಂಟ್ ಅಕ್ಷರಕ್ಕೆ ಇಂಗ್ಲಿಷಿನ ಅಳತೆಯಲ್ಲಿ 38 ಪಾಯಿಂಟ್ ಸಾಲಂತರ ಕೊಟ್ಟರೆ ಕನ್ನಡದಲ್ಲಿ ಸಾಲದು, 48ರ ಹತ್ತಿರ ಬೇಕು.

ಇನ್ನು ನಡುವಿನ ಮಡಿಕೆ. ಪಿನ್ ಹೊಡೆದ ಪತ್ರಿಕೆಯಲ್ಲಿ ನಟ್ಟನಡುವಿನ ಜೋಡಿ ಪುಟ ಮಾತ್ರ ಒಂದೇ ಹಾಳೆ. ಉಳಿದೆಡೆ ಎಡಪುಟ ಒಂದು ಹಾಳೆಯದು, ಬಲಪುಟ ಇನ್ನೊಂದರದು. ಮಡಿಸುವಾಗ ಒಂದೆರಡು ಮಿಲಿಮೀಟರ್ ಜಾರಿದರೂ ಮಡಿಕೆ ಮೇಲೆ ಬಿದ್ದ ಅಕ್ಷರ ಒಡೆದು ಕಾಣುತ್ತದೆ. ಆದ್ದರಿಂದ ಮಡಿಕೆ ಎರಡು ಪದಗಳ ನಡುವೆಯೇ ಬೀಳಬೇಕು, ಎರಡೂ ಬದಿ ಕನಿಷ್ಠ 5 ಮಿಲಿಮೀಟರ್ ಖಾಲಿ ಬಿಡಬೇಕು.

ನಿಮ್ಮ ಮೂರನೇ ಪ್ಯಾರಾದಲ್ಲೇ ತಲೆಬರಹ ಇದೆ: 'ಅರಗು ಕರಗುವ ಹೊತ್ತು'. ಒಂದೇ ಸಾಲು. ಎಡಕ್ಕೆ 'ಅರಗು', ಬಲಕ್ಕೆ 'ಕರಗುವ ಹೊತ್ತು'. ಇದರಲ್ಲಿ ಊರಿನ ಹೆಸರಿಲ್ಲ, ಗೊಂಬೆಯೂ ಇಲ್ಲ. ಅವೆರಡನ್ನೂ ಉಪಶೀರ್ಷಿಕೆ ಹೇಳಲೇಬೇಕು.

ಎತ್ತಿ ತೋರಿಸಲು ನೀವು ಆರಿಸಿದ್ದು 'ಈ ಕಲೆ ಉಳಿಯಬೇಕು'. ಬೇಡ. ಅದೇ ಕುಶಲಕರ್ಮಿ ನಿಮಗೆ ಹೇಳಿದ ಇನ್ನೊಂದು ಮಾತಿದೆ: 'ಕೇದಗೆ ಎಲೆ ಒತ್ತಿದ್ಮೇಲೇ ಹೊಳಪು ಬರೋದು, ಅಲ್ಲೀಗಂಟ ಬಣ್ಣ ಮಂಕಾಗೇ ಇರ್ತದೆ.' ಇಂಥದ್ದು ಓದುಗರನ್ನು ಲೇಖನದೊಳಕ್ಕೆ ಎಳೆಯುತ್ತದೆ. ಲೇಖನದಲ್ಲಿ ಇದ್ದ ಹಾಗೇ ಎತ್ತಿ, ಆಡುಮಾತನ್ನು ಗ್ರಾಂಥಿಕ ಮಾಡಬೇಡಿ. ಉದ್ದವೆನಿಸಿದರೆ 'ಅಲ್ಲೀಗಂಟ'ದ ಮುಂಚೆ ನಿಲ್ಲಿಸಿ, ನಡುವಿನ ಪದ ಕದಿಯಬೇಡಿ. ಈ ಮಾತು ಬರುವ ಪ್ಯಾರಾ ಬಲಪುಟದಲ್ಲಿದೆ, ಹಾಗಾಗಿ ದೊಡ್ಡಕ್ಷರದ್ದು ಎಡಪುಟಕ್ಕೆ ಹೋಗಲಿ. ಪಕ್ಕಪಕ್ಕದಲ್ಲೇ ಬಂದರೆ ಓದುಗರು ಒಂದೇ ಮಾತನ್ನು ಎರಡು ಸಲ ಓದಬೇಕಾಗುತ್ತದೆ.

ಅಡಿಬರಹಗಳಲ್ಲಿ ಒಂದನ್ನು ಮಾತ್ರ ತಿದ್ದಿ ತೋರಿಸುತ್ತೇನೆ. ನೀವು ಬರೆದದ್ದು: 'ಲೇತ್ ಮುಂದೆ ಕೆಲಸದಲ್ಲಿ ಮಗ್ನರಾದ ಕುಶಲಕರ್ಮಿ'. ಅವರು ಮಗ್ನರಾಗಿರುವುದು ಫೋಟೊದಲ್ಲೇ ಕಾಣುತ್ತದೆ. ಕಾಣದಿರುವುದು ಕೈಯಲ್ಲಿರುವ ಕೆಂಪು ಕಡ್ಡಿ ಏನೆಂಬುದು. 'ತಿರುಗುವ ಆಲೆ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ಉಜ್ಜಿದ ಬಿಸಿಗೇ ಬಣ್ಣ ಕರಗಿ ಹತ್ತುತ್ತದೆ' ಎಂದು ಬರೆದರೆ ತಲೆಬರಹದ ಅರ್ಥವೂ ಅಲ್ಲೇ ಬಿಚ್ಚಿಕೊಳ್ಳುತ್ತದೆ. ಕೆಳಗೆ ಅವರ ಹೆಸರು ಹಾಕಿ, ಕಾಗುಣಿತವನ್ನು ಅವರಿಂದಲೇ ಖಚಿತಪಡಿಸಿಕೊಳ್ಳಿ.

ಮಿಕ್ಕ ಅಡಿಬರಹಗಳನ್ನು ಹೀಗೇ ತಿದ್ದಿ, ಪ್ರತಿಯೊಂದರ ಮುಂದೆ ಫೋಟೊದ ಫೈಲ್ ಸಂಖ್ಯೆ ಬರೆದು ಬೇರೆ ಹಾಳೆಯಲ್ಲಿ ಕಳಿಸಿ. ಸಂಖ್ಯೆ ಇಲ್ಲದಿದ್ದರೆ ಪುಟ ಕಟ್ಟುವಾಗ ಒಂದರ ಅಡಿಬರಹ ಇನ್ನೊಂದರ ಕೆಳಗೆ ಹೋಗುತ್ತದೆ.